ಸ್ಥಾಪಕರು ಎಷ್ಟು ಜನ

ನಮ್ಮಣ್ಣನಿಗೆ ಬಾಯಿಬಿಟ್ಟು ಹೇಳಲು ನಾಚಿಕೆಯಾಗುವ ಮಾತುಗಳಿದ್ದರೆ ಅವನ್ನು ಇ-ಮೇಲ್ ಮಾಡುತ್ತಾನೆ. ನಾನು ಕೂರುವುದು ಅವನ ಎದುರಿನ ಮೇಜಿನಲ್ಲೇ. ಕೈ ಚಾಚಿದರೆ ಅವನ ನೀರಿನ ಬಾಟಲಿ ಸಿಗುತ್ತದೆ. ಆದರೂ ಆವತ್ತು ಬೆಳಿಗ್ಗೆ ಅವನ ಮಾತು ಬಂದದ್ದು ಇ-ಮೇಲಿನಲ್ಲಿ. 'ಪ್ರೆಸ್ ಪೇಜಿನಲ್ಲಿ ಸ್ಥಾಪಕರು ಇಬ್ಬರು. ಫೋಟೋದಲ್ಲೂ ಇಬ್ಬರು, ಫ್ಯಾಕ್ಟ್ ಶೀಟಿನಲ್ಲೂ ಇಬ್ಬರು. ದಯವಿಟ್ಟು ಚರ್ಚೆ ಬೇಡ.' ತಂಗಿಗೆ 'ದಯವಿಟ್ಟು' ಅಂತ ಬರೆಯುವ ಅಣ್ಣನನ್ನು ಯಾರೂ ನಂಬಬಾರದು.

ಸ್ಥಾಪಕರು ಇಬ್ಬರಲ್ಲ, ಮೂವರು. ಒಬ್ಬ ನಮ್ಮಣ್ಣ. ಇನ್ನೊಬ್ಬ ಅವನ ಗೆಳೆಯ. ಸದಾ ಜೇಬಿನಲ್ಲಿ ಥರ್ಮಾಮೀಟರ್ ಇಟ್ಟುಕೊಂಡು ಕಾಫಿಯಿಂದ ಹಿಡಿದು ಕುರ್ಚಿಯವರೆಗೆ ಎಲ್ಲದರ ಬಿಸಿ ಅಳೆಯುವ ಅವನನ್ನು ನಾವೆಲ್ಲ ಮೀಟರಣ್ಣ ಅಂತಲೇ ಕರೆಯುವುದು. ಮೂರನೆಯವರು ನಮ್ಮ ಅತ್ತಿಗೆ. ಕರೆಂಟಿಲ್ಲದೆ ಇನ್ಸುಲಿನ್ನಿನಂಥ ಔಷಧಿಗಳನ್ನು ದಿನವಿಡೀ ತಣ್ಣಗಿಡುವ ಒಂದು ಸಣ್ಣ ಪೆಟ್ಟಿಗೆ ನಮ್ಮ ಕಂಪನಿಯ ಸರಕು. ಅದು ಹುಟ್ಟಿದ್ದು ಅವರ ಬಾಡಿಗೆ ಮನೆಯ ಅಡುಗೆಕೋಣೆಯಲ್ಲಿ, ಒಲೆಗೂ ಫ್ರಿಜ್ಜಿಗೂ ನಡುವೆ. ಹೋದ ವರ್ಷ ಅಣ್ಣ ಅತ್ತಿಗೆ ಬೇರೆಯಾದರು. ಅತ್ತಿಗೆ ಮನೆಯನ್ನೂ ಬಿಟ್ಟರು, ಕಂಪನಿಯನ್ನೂ ಬಿಟ್ಟರು. ಈಗ ವಿಚ್ಛೇದನದ ಕೇಸು ನಡೆಯುತ್ತಿದೆ.

"ಚರ್ಚೆ ಬೇಡ ಅಂತ ಬರೆದಿದೀಯಲ್ಲ, ಒಂದೇ ಒಂದು ಪ್ರಶ್ನೆ ಕೇಳಬಹುದಾ?" ಅಂದೆ.

ಅಣ್ಣ ಲ್ಯಾಪ್‌ಟಾಪಿನಿಂದ ಕಣ್ಣೆತ್ತಲಿಲ್ಲ. "ವಕೀಲರು ಹೇಳಿದಾರೆ ಕಣೇ. ಕೇಸು ಮುಗಿಯೋವರೆಗೂ ಅವಳನ್ನ ಸ್ಥಾಪಕಿ ಅಂತ ನಾವಾಗೇ ಎಲ್ಲೂ ಬರೆಯಬಾರದು. ಬರೆದರೆ ನಾಳೆ ಅದನ್ನೇ ತಗೊಂಡು ಬಂದು ನ್ಯಾಯಾಧೀಶರ ಮುಂದೆ ಇಡ್ತಾರೆ. ಅಷ್ಟೇ."

"ಅವರು ಸ್ಥಾಪಕಿ ಹೌದೋ ಅಲ್ವೋ?"

"ಒಂದು ಪ್ರಶ್ನೆ ಅಂದ್ಯಲ್ಲ, ಕೇಳಾಯ್ತು."

ಮೀಟರಣ್ಣನ ಕಡೆ ನೋಡಿದೆ. ಅವನು ಅಡ್ಡಗೋಡೆ ಮೇಲೆ ದೀಪ ಇಡುವುದರಲ್ಲಿ ಪದವೀಧರ. "ಇಬ್ಬರು ಅಂದರೂ ತಪ್ಪಿಲ್ಲ, ಈಗ ಇರೋದು ಇಬ್ಬರೇ ತಾನೇ. ಮೂವರು ಅಂದರೂ ತಪ್ಪಿಲ್ಲ, ಆಗ ಇದ್ದಿದ್ದು ಮೂವರು ತಾನೇ" ಅಂದು ವರ್ಕ್‌ಶಾಪಿಗೆ ಹೋಗಿಬಿಟ್ಟ.

ನನ್ನ ಹೊಟ್ಟೆ ಉರಿದದ್ದು ಬೇರೆ ಕಾರಣಕ್ಕೆ. ಅತ್ತಿಗೆ ಈಗ ಕೆಲಸ ಹುಡುಕುತ್ತಿದ್ದಾರೆ. ಶೀತಲ ಸಾಗಣೆಯ ಬಗ್ಗೆ ಸಂಶೋಧನೆ ಮಾಡುವ ಒಂದು ದೊಡ್ಡ ಲ್ಯಾಬಿನಲ್ಲಿ ಸಂದರ್ಶನ ಮುಗಿದಿತ್ತು. ಅಲ್ಲಿಯವರು ನಯವಾಗಿಯೇ ಕೇಳಿದರಂತೆ: 'ಆ ಪೆಟ್ಟಿಗೆ ನಿಮ್ಮದು ಅಂತೀರಿ, ಕಂಪನಿ ಎಲ್ಲಾದರೂ ಹಾಗೆ ಹೇಳಿದೆಯಾ?' ಹಳೆಯ ವೆಬ್‌ಸೈಟಿನಲ್ಲಿ ಅವರ ಹೆಸರಿದ್ದ ಪುಟವನ್ನು ಅಣ್ಣ ತೆಗೆಸಿ ತಿಂಗಳುಗಳಾಗಿದ್ದವು. ಲ್ಯಾಬಿನವರು 'ನೋಡಿ ತಿಳಿಸ್ತೀವಿ' ಅಂದು ಕಳಿಸಿದ್ದರು. ಇದನ್ನು ಹೇಳುವಾಗ ಅತ್ತಿಗೆ ನಗುತ್ತಿದ್ದರು, ನನಗೆ ಮಾತ್ರ ಅಳು ಬಂದಿತ್ತು. ಅವರಿಗೆ ಉಳಿದಿದ್ದ ದಾರಿ ಒಂದೇ, ಕಂಪನಿಯ ಬಾಯಿಂದಲೇ ಅವರ ಹೆಸರು ಹೊರಬರುವುದು. ಆ ಬಾಯಿ ಅಂದರೆ ಈಗ ನಾನು ಕಟ್ಟುತ್ತಿದ್ದ ಪುಟ.

ಆದರೂ ಕಟ್ಟಿದೆ. ನನ್ನ ಸಂಬಳ, ನನ್ನ ಅಣ್ಣ, ನನ್ನ ಪುಕ್ಕಲುತನ. ಇನ್ನೇನು ಹೇಳಲಿ.

ಮರುದಿನ ಬೆಳಿಗ್ಗೆ ದೊಡ್ಡ ಸುದ್ದಿ ಹೊರಬೀಳಲಿತ್ತು. ಆಸ್ಪತ್ರೆಗಳ ಒಂದು ಸಮೂಹ ನಮ್ಮ ಪೆಟ್ಟಿಗೆಯನ್ನು ತನ್ನ ಎಲ್ಲ ಶಾಖೆಗಳಿಗೂ ಕೊಳ್ಳುತ್ತದೆ ಎಂಬ ಸುದ್ದಿ. ಅದಕ್ಕೆ ಮೊದಲು ಪ್ರೆಸ್ ಪೇಜ್ ಸಿದ್ಧವಿರಬೇಕು. ಪ್ರೆಸ್ ಪೇಜ್ ಅಂದರೆ ಪತ್ರಕರ್ತರಿಗಾಗಿ ಹಾಕುವ ಎಲೆ. ಅವರು ಬಂದು ಕೂತರೆ ಉಪ್ಪಿಗೂ ಏಳುವಂತಾಗಬಾರದು. ಲೋಗೋ ಕೇಳಿ ಫೋನ್ ಮಾಡುವ ಹಾಗಿರಬಾರದು, ಹೆಸರಿನ ಅಕ್ಷರ ಕೇಳಿ ಮೆಸೇಜ್ ಮಾಡುವ ಹಾಗಿರಬಾರದು.

ಲೋಗೋಗಳನ್ನು ಮೊದಲು ಮುಗಿಸಿದೆ. ಬಣ್ಣದ್ದೊಂದು, ಬರೀ ಕಪ್ಪಿನದೊಂದು, ಗಾಢ ಹಿನ್ನೆಲೆಯ ಮೇಲೆ ಹಾಕಲು ಬಿಳಿಯದೊಂದು. ಎಷ್ಟು ದೊಡ್ಡದು ಮಾಡಿದರೂ ಅಂಚು ಹರಿಯದ ಎಸ್‌ವಿಜಿ ಕಡತಗಳು, ಅವನ್ನು ತೆರೆಯಲು ಬಾರದವರಿಗೆ ಹಿನ್ನೆಲೆಯಿಲ್ಲದ ಪಿಎನ್‌ಜಿಗಳು. ಎಲ್ಲ ಸೇರಿಸಿ ಒಂದು ಜಿಪ್. ಲೋಗೋವನ್ನು ಎಳೆಯಬೇಡಿ, ಓರೆ ಮಾಡಬೇಡಿ, ಸುತ್ತ ಇಷ್ಟು ಜಾಗ ಬಿಡಿ ಅಂತ ಎರಡು ಸಾಲಿನ ವಿನಂತಿ. ಆಮೇಲೆ ಕಂಪನಿಯ ಬಗ್ಗೆ ಹಾಗೇ ಎತ್ತಿ ಅಂಟಿಸಬಹುದಾದ ಒಂದು ಪ್ಯಾರಾ, ಸಂಪರ್ಕಕ್ಕೆ ನನ್ನ ಹೆಸರು, ಫೋನ್ ನಂಬರು. ಈ ಕೆಲಸದಲ್ಲಿ ಒಂದು ಸುಖವಿದೆ. ಲೋಗೋ ಯಾರಿಗೂ ಗಂಡನೂ ಅಲ್ಲ, ಹೆಂಡತಿಯೂ ಅಲ್ಲ.

ತಾಪತ್ರಯ ಶುರುವಾದದ್ದು ಫೋಟೋದಲ್ಲಿ. ಹಿಂದಿನ ವಾರ ಅಣ್ಣನನ್ನೂ ಮೀಟರಣ್ಣನನ್ನೂ ಕೋಟು ಹಾಕಿಸಿ ತೆಗೆಸಿದ ಹೊಸ ಫೋಟೋಗಳು ಬಂದಿದ್ದವು. ಇಬ್ಬರೂ ಹೆಣ್ಣು ನೋಡಲು ಬಂದು ಉಪ್ಪಿಟ್ಟಿಗೆ ಕಾಯುತ್ತಿರುವವರ ಹಾಗೆ ಕೂತಿದ್ದರು. ಅಚ್ಚಿಗೆ ಹೋಗುವಂಥದ್ದು ಒಂದೇ ಹಳೆಯ ಫೋಟೋ. ವರ್ಕ್‌ಶಾಪಿನ ಮೇಜಿನ ಮೇಲೆ ಪೆಟ್ಟಿಗೆ, ಅದರ ಹಿಂದೆ ಅಣ್ಣ, ಮೀಟರಣ್ಣ, ಬಲಗಡೆ ತುದಿಯಲ್ಲಿ ಅತ್ತಿಗೆ. ಮೂವರೂ ಯಾವುದೋ ಮಾತಿಗೆ ನಗುತ್ತಿರುವಾಗ ಒಬ್ಬ ಒಳ್ಳೆಯ ಫೋಟೋಗ್ರಾಫರ್ ಹಿಡಿದದ್ದು.

ಅದನ್ನೇ ಏರಿಸಿದೆ. ಪುಟ ತಿದ್ದುವ ಕಿಟಕಿಯಲ್ಲಿ ಕ್ರಾಪ್ ಒತ್ತಿ, ಬಲಗಡೆಯ ಅಂಚನ್ನು ಎಡಕ್ಕೆ ಎಳೆದೆ. ಅತ್ತಿಗೆಯ ಭುಜ ಹೋಯಿತು, ಮುಖ ಹೋಯಿತು. ಪೆಟ್ಟಿಗೆಯ ಮೂಲೆಯ ಮೇಲೆ ಮೂರು ಬೆರಳು ಮಾತ್ರ ಉಳಿದವು, ಯಾರವೋ ಗೊತ್ತಾಗದ ಬೆರಳು. ಇನ್ನಷ್ಟು ಎಳೆದೆ. ಬೆರಳೂ ಹೋದವು, ಪೆಟ್ಟಿಗೆಯೂ ಅರ್ಧ ಹೋಯಿತು. ಕೆಳಗೆ 'ಸ್ಥಾಪಕರು' ಎಂದು ಇಬ್ಬರ ಹೆಸರು ಹಾಕಿದೆ, ಅದರ ಪಕ್ಕಕ್ಕೆ 'ಮುದ್ರಣಕ್ಕೆ ಪೂರ್ಣ ಗಾತ್ರದ ಫೋಟೋ' ಎಂಬ ಗುಂಡಿ. ಕಂಪನಿಯ ವಿವರಗಳೆಲ್ಲ ಇರುವ ಒಂದೇ ಹಾಳೆಯ ಫ್ಯಾಕ್ಟ್ ಶೀಟಿನಲ್ಲೂ ಅದೇ ಎರಡು ಹೆಸರು. ಅದನ್ನು ಪಿಡಿಎಫ್ ಮಾಡಿ ಏರಿಸಿ, ಇನ್ನೂ ಪ್ರಕಟವಾಗದ ಪುಟದ ಗುಟ್ಟಿನ ಕೊಂಡಿಯನ್ನು ಒಂದು ಪತ್ರಿಕೆಯ ವಾಣಿಜ್ಯ ವರದಿಗಾರ್ತಿಗೆ ಕಳಿಸಿದೆ. ನಾಳೆ ಬೆಳಗಿನವರೆಗೆ ಸುದ್ದಿ ಹೊರಬಿಡಬಾರದು ಎಂಬ ಷರತ್ತಿಗೆ ಅವರು ಒಪ್ಪಿದ್ದರು. ಅವರ ಪುಟ ಅಚ್ಚಿಗೆ ಹೋಗುವುದು ಸಂಜೆ.

ಮಧ್ಯಾಹ್ನ ಅವರದೇ ಫೋನ್ ಬಂತು.

"ಪೇಜ್ ಚೆನ್ನಾಗಿದೆ. ಒಂದು ಅನುಮಾನ" ಅಂದರು. ದನಿಯಲ್ಲಿ ಅವಸರವಿತ್ತು, ದ್ವೇಷವೇನೂ ಇರಲಿಲ್ಲ. "ಪೇಜಿನಲ್ಲಿ ನೋಡಿದರೆ ಇಬ್ಬರು. ಡೌನ್‌ಲೋಡ್ ಮಾಡಿದರೆ ಮೂವರು. ಆ ಮೂರನೆಯವರು ಯಾರು?"

ಏನಾಗಿದೆ ಅಂತ ಆ ಕ್ಷಣವೇ ಹೊಳೆಯಿತು. ಪುಟ ತಿದ್ದುವ ಕಿಟಕಿಯಲ್ಲಿ ಕ್ರಾಪ್ ಮಾಡಿದರೆ ಅದು ಬೇಡದ ಭಾಗವನ್ನು ಪರದೆಯ ಮೇಲೆ ಮಾತ್ರ ಮರೆಮಾಡುತ್ತದೆ. ಒಳಗಿರುವ ಮೂಲ ಫೋಟೋವನ್ನು ಮುಟ್ಟುವುದಿಲ್ಲ. ಪೂರ್ಣ ಗಾತ್ರದ ಗುಂಡಿಯನ್ನು ನಾನು ಜೋಡಿಸಿದ್ದು ಆ ಮೂಲಕ್ಕೆ. ನಾನು ಅತ್ತಿಗೆಯನ್ನು ಕತ್ತರಿಸಿರಲೇ ಇಲ್ಲ, ಪರದೆ ಎಳೆದು ಹಿಂದೆ ನಿಲ್ಲಿಸಿದ್ದೆ. ಇಷ್ಟು ವರ್ಷ ಇದೇ ಕೆಲಸ ಮಾಡಿಕೊಂಡು ಬಂದವಳಿಗೆ ಇದು ಗೊತ್ತಿಲ್ಲದ್ದಲ್ಲ.

"ಒಂದು ನಿಮಿಷ ಮೇಡಂ, ವಿಚಾರಿಸಿ ಹೇಳ್ತೀನಿ" ಅಂದೆ. ನನ್ನ ಅತ್ತಿಗೆ ಯಾರು ಅಂತ ನಾನು ವಿಚಾರಿಸಿ ಹೇಳಬೇಕಂತೆ!

"ಬೇಗ ಹೇಳಿ. ಫೋಟೋ ನಾವು ಹಾಕೋದಾದರೆ ಮೂವರ ಹೆಸರೂ ಬೇಕು. ಸ್ಥಾಪಕರು ಎಷ್ಟು ಜನ ಅನ್ನೋದು ನಿಮ್ಮ ಕಡೆಯಿಂದ ಬರಹದಲ್ಲಿ ಬರಲಿ. ಪುಟ ಕಟ್ಟೋಕೆ ಶುರು ಮಾಡಿದಾರೆ."

ಫೋನ್ ಇಟ್ಟು ತಲೆಯೆತ್ತಿದರೆ ಅಣ್ಣ ಎದುರಿಗೇ ನಿಂತಿದ್ದ. ಫೋನಿನ ಮಾತು ಅಲ್ಲಿಗೂ ಕೇಳಿಸಿ ಅವನಿಗೆ ಎಲ್ಲ ಅರ್ಥವಾಗಿತ್ತು.

"ಬೇಕಂತಲೇ ಮಾಡಿದೆ ಅಲ್ವಾ?"

"ಇಲ್ಲ ಅಣ್ಣ. ಮೈಮರೆವು."

"ಲೋಗೋ ಸುತ್ತ ಎಷ್ಟು ಕೂದಲೆಳೆ ಜಾಗ ಬಿಡಬೇಕು ಅಂತ ನೆನಪಿರೋಳಿಗೆ ಇದು ಮಾತ್ರ ಮೈಮರೆವು!"

"ಬೇಕಂತಲೇ ಮಾಡೋ ಧೈರ್ಯ ಇದ್ದಿದ್ರೆ ಬೆಳಿಗ್ಗೆನೇ ನಿನ್ನ ಮುಖಕ್ಕೆ ಹೇಳ್ತಿದ್ದೆ, ಮಾಡಲ್ಲ ಹೋಗು ಅಂತ."

"ಮೊದಲು ಅದನ್ನ ತೆಗಿ" ಅಂದ. ನಿಜವಾಗಿ ಕತ್ತರಿಸಿದ ಫೋಟೋವನ್ನು ಹೊಸ ಹೆಸರಿನಲ್ಲಿ ಏರಿಸಿದೆ. ಹಳೆಯ ಹೆಸರಿನಲ್ಲೇ ಏರಿಸಿದರೆ ಸರ್ವರುಗಳು ಇನ್ನಷ್ಟು ಹೊತ್ತು ಹಳೆಯದನ್ನೇ ಬಡಿಸುತ್ತವೆ. ಗುಂಡಿಯನ್ನು ಹೊಸದಕ್ಕೆ ಜೋಡಿಸಿ ಮೂಲವನ್ನು ಅಳಿಸಿದೆ. ಆದರೆ ಏನು ಬಂತು? ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಕಡತವಂತೂ ಇನ್ನೊಬ್ಬರ ಕಂಪ್ಯೂಟರಿಗೆ ಇಳಿದ ಮೇಲೆ ಕಥೆ ಮುಗಿದ ಹಾಗೆ.

"ಏನಂತ ಬರೆಯಲಿ ಅವರಿಗೆ?"

ಅಣ್ಣ ಕುರ್ಚಿ ಎಳೆದುಕೊಂಡು ಕೂತ. ಹಣೆ ಒತ್ತಿಕೊಂಡ. "ಶುರುವಿನಲ್ಲಿ ಜೊತೆಗಿದ್ದ ಸಿಬ್ಬಂದಿ ಅಂತ ಬರಿ."

"ಸಿಬ್ಬಂದಿ?"

"ಮತ್ತೇನು ಬರೀಬೇಕು? ಬಿಟ್ಟು ಹೋದ ಹೆಂಡತಿ ಅಂತ ಬರೀತೀಯಾ?" ಅವನು ಪರದೆಯಿಂದ ಮುಖ ತಿರುಗಿಸಿದ. "ಆ ಫೋಟೋ ನೋಡಿದರೆ ನನಗೆ ಊಟ ಸೇರಲ್ಲ ಕಣೇ. ಆವತ್ತು ಅವಳೇ ಏನೋ ಹೇಳಿ ನಗಿಸಿದ್ದು. ಏನು ಹೇಳಿದಳು ಅಂತ ಎಷ್ಟು ಯೋಚಿಸಿದರೂ ನೆನಪಾಗ್ತಿಲ್ಲ."

ನನಗೆ ಅವನ ಮೇಲೆ ಕನಿಕರ ಬಂತು, ಅದರ ಹಿಂದೆಯೇ ಸಿಟ್ಟೂ ಬಂತು. ದುಃಖ ಇದ್ದರೆ ಇರಲಿ, ಅದಕ್ಕೆ ಇನ್ನೊಬ್ಬರ ಹೆಸರು ಯಾಕೆ ಬಲಿಯಾಗಬೇಕು? 'ಶುರುವಿನಲ್ಲಿ ಜೊತೆಗಿದ್ದ ಸಿಬ್ಬಂದಿ' ಎಂದು ಟೈಪ್ ಮಾಡಿದೆ. ಕಳಿಸುವ ಗುಂಡಿಯ ಮೇಲೆ ಬಾಣದ ಗುರುತು ನಿಲ್ಲಿಸಿ ಹಾಗೇ ಕೂತೆ. ಬೆರಳು ಒತ್ತಲಿಲ್ಲ.

"ಕಳಿಸಿದ್ಯಾ?"

"ಅಕ್ಷರ ನೋಡ್ತಿದೀನಿ."

ಅಷ್ಟರಲ್ಲಿ ಮತ್ತೆ ಫೋನ್. ನಾನು ಎದ್ದು ಮೆಟ್ಟಿಲ ಹತ್ತಿರ ಹೋದೆ. ಅಲ್ಲಿ ಖಾಲಿ ರಟ್ಟಿನ ಡಬ್ಬಗಳ ರಾಶಿ, ಅವುಗಳ ನಡುವೆ ಒಬ್ಬರು ನಿಲ್ಲುವಷ್ಟು ಜಾಗ.

"ನಿಮಗಾಗಿ ಕಾದು ಸಾಕಾಯ್ತು" ಅಂದರು ವರದಿಗಾರ್ತಿ. "ಫೋಟೋದ ಕಡತದ ಒಳಗೇ ಫೋಟೋಗ್ರಾಫರ್ ವಿವರಣೆ ಬರೆದಿಟ್ಟಿದಾರೆ, ಎಡದಿಂದ ಇಂಥವರು ಇಂಥವರು ಅಂತ. ನಮ್ಮ ಫೋಟೋ ವಿಭಾಗದಲ್ಲಿ ತೆರೆದ ಕೂಡಲೇ ಕಾಣುತ್ತೆ. ಆ ಹೆಸರು ಹಿಡಿದು ನಂಬರ್ ಹುಡುಕಿ ಅವರಿಗೇ ಫೋನ್ ಮಾಡಿದೆ."

"ಅವರು... ಏನಂದರು?"

"ವಿಚಿತ್ರ. ನೀವು ಸ್ಥಾಪಕರಲ್ಲಿ ಒಬ್ಬರಾ ಅಂತ ಕೇಳಿದರೆ ಹೌದು ಅಂತಲೂ ಅನ್ನಲಿಲ್ಲ, ಅಲ್ಲ ಅಂತಲೂ ಅನ್ನಲಿಲ್ಲ. 'ಆ ಪೇಜು ಮಾಡ್ತಿರೋದು ನನ್ನ ನಾದಿನಿ. ನಾನಿನ್ನೂ ನೋಡಿಲ್ಲ. ಆದರೆ ಅವಳು ಏನು ಬರೆದಿದಾಳೋ ಅದೇ ಸರಿ, ಅವಳು ಸುಳ್ಳು ಬರೆಯೋಳಲ್ಲ' ಅಂದರು."

ನಾನು ಡಬ್ಬಗಳಿಗೆ ಒರಗಿ ನಿಂತೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. 'ನಿನಗೆ ಇಷ್ಟೂ ಮರ್ಯಾದೆ ಇಲ್ವಾ' ಅಂತ ಅತ್ತಿಗೆ ನನಗೇ ಫೋನ್ ಮಾಡಿ ಕಿರುಚಿದ್ದರೂ ಸಹಿಸುತ್ತಿದ್ದೆ. ಈ ನಂಬಿಕೆಯನ್ನು ಮಾತ್ರ ತಡೆದುಕೊಳ್ಳಲು ಆಗಲಿಲ್ಲ. ನಾಚಿಕೆಯಿಂದ ಕಿವಿ ಸುಟ್ಟುಹೋಗುವಷ್ಟು ಬಿಸಿಯಾದವು.

"ಮೇಡಂ, ಸ್ವಲ್ಪ ಹೊತ್ತು ಕೊಡಿ. ತಿದ್ದಿದ ಶೀಟ್ ಕಳಿಸ್ತೀನಿ."

"ಸ್ವಲ್ಪ ಅಂದರೆ ಸ್ವಲ್ಪವೇ" ಅಂದರು.

ಮೇಜಿಗೆ ವಾಪಸು ಬಂದೆ. ಅಣ್ಣ ಯಾರ ಜೊತೆಗೋ ಫೋನಿನಲ್ಲಿ ಕಿಟಕಿಯ ಕಡೆ ತಿರುಗಿ ಮಾತಾಡುತ್ತಿದ್ದ. ಸಿಬ್ಬಂದಿಯ ಸಾಲನ್ನು ಅಳಿಸಿದೆ. ಫ್ಯಾಕ್ಟ್ ಶೀಟಿನಲ್ಲಿ ಸ್ಥಾಪಕರ ಸಾಲಿಗೆ ಅತ್ತಿಗೆಯ ಹೆಸರು ಸೇರಿಸಿದೆ. ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು, ಆದರೆ ಕೈಗೆ ಸಿಟ್ಟು ಇಳಿದಿತ್ತು. ಅದರ ಮುಂದೆ 'ಮೊದಲ ಪೆಟ್ಟಿಗೆಯನ್ನು ಒಬ್ಬರೇ ರೂಪಿಸಿ ತಯಾರಿಸಿದವರು' ಎಂದೂ ಬರೆದೆ. ನಾನು ಕಣ್ಣಾರೆ ಕಂಡದ್ದೇನೂ ಅಲ್ಲ. ಅಣ್ಣನಿಗೆ ನಾಟಲಿ ಅಂತ ಬರೆದದ್ದು. ಮೇಲೆ 'ತಿದ್ದಿದ ಪ್ರತಿ' ಎಂದು ಬರೆದು ದಿನಾಂಕ ಹಾಕಿ, ಹೊಸ ಪಿಡಿಎಫ್ ಮಾಡಿ, ನನ್ನ ಕಂಪ್ಯೂಟರಿನಲ್ಲಿದ್ದ ಮೂವರ ಫೋಟೋವನ್ನು ಪುಟಕ್ಕೆ ಪೂರ್ತಿಯಾಗಿ ಏರಿಸಿ, ವರದಿಗಾರ್ತಿಗೆ ಎಲ್ಲವನ್ನೂ ಕಳಿಸಿದೆ. ಅಣ್ಣನಿಗೂ ಒಂದು ಪ್ರತಿ ಹಾಕಿದೆ. ಅವನಿಗೆ ಇ-ಮೇಲೇ ಇಷ್ಟ ತಾನೇ.

ಅವನ ಫೋನು ಟಿಂಗ್ ಅಂತು. ಓದಿದ. ನಿಧಾನವಾಗಿ ತಿರುಗಿದ. ಮುಖ ಕಪ್ಪಿಟ್ಟಿತ್ತು.

"ಏನು ಮಾಡಿದೀಯ ಅಂತ ಗೊತ್ತಾ ನಿನಗೆ?"

"ಗೊತ್ತು."

"ಒಬ್ಬಳೇ? ಒಬ್ಬಳೇ ತಯಾರಿಸಿದಳಾ? ನಾನೇನು ಆ ಅಡುಗೆಕೋಣೆಯಲ್ಲಿ ಬಜ್ಜಿ ಕರೀತಿದ್ನಾ?"

"ನೀನು ಅವರನ್ನ ಪೂರ್ತಿ ಅಳಿಸಬಹುದು, ನಾನು ನಿನ್ನ ಒಂದು ಸಾಲು ಬಿಟ್ಟರೆ ಉರಿಯುತ್ತಾ?"

ವರ್ಕ್‌ಶಾಪಿನಿಂದ ಮೀಟರಣ್ಣ ಇಣುಕಿದ. ನಮ್ಮಿಬ್ಬರ ಮುಖ ನೋಡಿ, ಅಳೆಯಲು ಥರ್ಮಾಮೀಟರ್ ಬೇಡವೆಂದು ತಿಳಿದು, ಬಾಗಿಲಲ್ಲೇ ನಿಂತುಬಿಟ್ಟ.

"ಈಗಲೇ ಆಕೆಗೆ ಫೋನ್ ಮಾಡು, ಆ ಶೀಟು ತಪ್ಪು ಅಂತ ಹೇಳು. ಇಲ್ಲಾಂದ್ರೆ ನಾಳೆಯಿಂದ ಆಫೀಸಿಗೆ ಬರಬೇಡ. ತಂಗಿ ಅಂತಲೂ ನೋಡಲ್ಲ ನಾನು." ಅಪ್ಪ ಹೋದ ಮೇಲೆ ನನ್ನನ್ನು ಓದಿಸಿದವನು ಅವನು. ಹೀಗೆ ಯಾವತ್ತೂ ಮಾತಾಡಿದವನಲ್ಲ. ನನಗೆ ಭಯವಾಯಿತು, ಇನ್ನು ನಮ್ಮ ಮನೆಯಲ್ಲಿ ಯಾರಿಗೂ ಯಾರೂ ಉಳಿಯುವುದಿಲ್ಲ ಅನ್ನಿಸಿತು.

ಫೋನ್ ಹೊಡೆದುಕೊಂಡಿತು. ವರದಿಗಾರ್ತಿಯೇ ಇರಬೇಕು ಅಂತ, ಅವನೂ ಕೇಳಿಸಿಕೊಳ್ಳಲಿ ಅಂತ, ಹೆಸರು ನೋಡದೆ ಸ್ಪೀಕರಿಗೆ ಹಾಕಿ ಮೇಜಿನ ಮೇಲಿಟ್ಟೆ.

"ಏನೇ, ಏನು ಬರೆದಿದೀಯ ನೀನು?"

ಅತ್ತಿಗೆಯ ದನಿ. ಅಣ್ಣ ಕಲ್ಲಾಗಿ ನಿಂತ. ಒಂದು ವರ್ಷದಿಂದ ಅವರಿಬ್ಬರ ನಡುವೆ ವಕೀಲರು ಬಿಟ್ಟರೆ ಬೇರೆ ಯಾರೂ ಮಾತಾಡಿರಲಿಲ್ಲ.

"ಅತ್ತಿಗೆ, ಅದು..."

"ನೀನು ಮೊದಲು ಕೇಳು. ಆ ಪೇಪರಿನವರು ಫೋನ್ ಮಾಡಿ ನಿನ್ನ ಶೀಟ್ ಓದಿ ಹೇಳಿದರು, ಸರಿನಾ ಅಂತ ಕೇಳಿದರು. ನೀನು ಸುಳ್ಳು ಬರೆಯಲ್ಲ ಅಂತ ನಾನು ಆಗಷ್ಟೇ ಜಂಬ ಕೊಚ್ಚಿಕೊಂಡಿದ್ದೆ ಕಣೇ. ಮಾನ ಕಳೆದೆಯಲ್ಲ! ಯಾವಾಗ ಮಾಡಿದೆನೇ ನಾನು ಒಬ್ಬಳೇ?"

ನಾನು ಅವಸರದಲ್ಲಿ ಶೀಟನ್ನು ಮತ್ತೆ ತೆರೆದೆ.

"ತಣ್ಣಗಿಡೋ ಒಳಪದರ ನಂದು. ಅದನ್ನ ಯಾರು ಕೇಳಿದರೂ ನಂದೇ ಅಂತೀನಿ. ಆದರೆ ಮುಚ್ಚಳ ನಿಮ್ಮಣ್ಣಂದು. ಮುಚ್ಚಳ ಕೂರದೆ ತಣ್ಣನೆ ಗಾಳಿಯೆಲ್ಲ ಸೋರಿ ಹೋಗ್ತಿತ್ತು. ನಾನು ಕೈಬಿಟ್ಟು ಮಲಗಿದ್ದೆ. ಅವನು ಹಳೆ ಕುಕ್ಕರಿನ ರಬ್ಬರು ಕತ್ತರಿಸಿ ಅಂಟಿಸಿ ಅಂಟಿಸಿ ಕೊನೆಗೆ ಕೂರಿಸಿದ. ಮುಚ್ಚಳ ಇಲ್ಲದಿದ್ದರೆ ಅದು ಪೆಟ್ಟಿಗೆನೇ ಅಲ್ಲ, ಬರೀ ತೊಟ್ಟಿ. ಅವನ ಹೆಸರು ಹಾಕು. ಅವನು ನನಗೆ ಏನು ಮಾಡಿದ ಅನ್ನೋದು ಬೇರೆ ಲೆಕ್ಕ, ಅದನ್ನ ಆ ಶೀಟಿನಲ್ಲಿ ತೀರಿಸಬೇಡ."

ಅಣ್ಣ ಎರಡೂ ಕೈಯಿಂದ ಮೇಜಿನ ಅಂಚು ಹಿಡಿದುಕೊಂಡಿದ್ದ.

"ಏನೇ, ಇದೀಯೋ ಇಲ್ವೋ? ಅವರು ಪುಟ ಮುಚ್ಚಿಬಿಡ್ತಾರೆ."

"ಇದೀನಿ" ಅಂದ ಅಣ್ಣ.

ಅವನ ದನಿ ಕೇಳಿ ಅತ್ತಿಗೆ ಫೋನ್ ಇಟ್ಟೇಬಿಡುತ್ತಾರೆ ಅಂದುಕೊಂಡೆ. ಇಡಲಿಲ್ಲ. ಅಣ್ಣ ನನ್ನ ಲ್ಯಾಪ್‌ಟಾಪನ್ನು ತನ್ನ ಕಡೆ ತಿರುಗಿಸಿಕೊಂಡ. ನಾನು ಬರೆದ 'ಒಬ್ಬರೇ' ಎಂಬ ಮಾತನ್ನು ಅಳಿಸಿದ. ಅವರ ಹೆಸರನ್ನು ಅಳಿಸಲಿಲ್ಲ.

"ಒಳಪದರ ನಿಂದು, ಮುಚ್ಚಳ ನಂದು. ಅಳತೆ, ಪರೀಕ್ಷೆ ಎಲ್ಲ ಇವನದು" ಅಂದ, ಬಾಗಿಲಿನ ಕಡೆ ಕತ್ತು ಹೊರಳಿಸಿ. ಮೀಟರಣ್ಣ ಮೊದಲ ಸಲ ಅಡ್ಡಗೋಡೆಯಿಂದ ಕೆಳಗಿಳಿದು, "ಮೂವರು, ಮೂವರೇ" ಅಂದ. ಅಣ್ಣ ಫೋನಿನ ಕಡೆ ಬಾಗಿದ. "ನಿನ್ನ ಹೆಸರಿನ ಮುಂದೆ ಏನಂತ ಹಾಕಲಿ?"

ಕೇಳಿದವನು ಅಣ್ಣನೇ. ಯಾವ ಪದಕ್ಕಾಗಿ ಎರಡು ಕಡೆಯ ವಕೀಲರು ಒಂದು ವರ್ಷದಿಂದ ಕಾದಾಡುತ್ತಿದ್ದರೋ ಅದನ್ನು ಅವನೇ ಕೇಳಿದ.

"ಸಹ-ಸ್ಥಾಪಕಿ" ಅಂದರು ಅತ್ತಿಗೆ. ಅವರ ದನಿ ಒಡೆದಿತ್ತು, ಆದರೆ ಒಂದೇ ಕ್ಷಣ. "ನಿನಗೆ ಏನು ಹಾಕಿಕೊಳ್ತೀಯೋ ಅದೇ ನನಗೂ. ಅದಕ್ಕಿಂತ ಹೆಚ್ಚೂ ಬೇಡ, ಕಡಿಮೆನೂ ಬೇಡ."

ಅಣ್ಣ ಟೈಪ್ ಮಾಡಿದ. ಒಂದೊಂದೇ ಅಕ್ಷರ ಹುಡುಕಿ ಒತ್ತುವವನ ಹಾಗೆ ಮಾಡಿದ.

"ಬರೆದೆ" ಅಂದ.

"ಸರಿ. ಸೋಮವಾರ ಕೋರ್ಟಿನಲ್ಲಿ ಸಿಗೋಣ" ಅಂದು ಅತ್ತಿಗೆ ಫೋನ್ ಇಟ್ಟರು.

ಹೊಸ ಶೀಟನ್ನು ವರದಿಗಾರ್ತಿಗೆ ಕಳಿಸಿದೆ. ಪುಟದಲ್ಲೂ ಬದಲಿಸಿದೆ. ಅಣ್ಣ ಎದ್ದು ಹೋಗಲಿಲ್ಲ. ಪರದೆಯ ಮೇಲೆ ಮೂವರೂ ನಗುತ್ತಿದ್ದ ಆ ಫೋಟೋದ ಮುಂದೆ ಕೂತೇ ಇದ್ದ. ಅವನ ಕಣ್ಣಲ್ಲಿ ನೀರಿತ್ತು, ಒರೆಸಿಕೊಳ್ಳಲಿಲ್ಲ.

"ವಕೀಲರಿಗೆ ಏನು ಹೇಳ್ತೀಯ?" ಅಂತ ಮೆಲ್ಲಗೆ ಕೇಳಿದೆ.

"ಅವರಿಗೂ ಇದೇ ಶೀಟ್ ಕಳಿಸು" ಅಂದ.